ಅಕ್ಕ ಎಂಟು ಸಾರಿ, ತಮ್ಮ ಹತ್ತೊಂಬತ್ತು ಸಾರಿ

ಕುಟುಂಬ ಸಲಹೆಗೆ ಬರುವವರು ಈಚೆಗೆ ಫೋನ್ ಮುಂದಿಟ್ಟೇ ಮಾತು ಶುರು ಮಾಡುತ್ತಾರೆ. "ನೋಡಿ ಮೇಡಂ, ನಾನೇ ಎಷ್ಟು ಬರೆದಿದೀನಿ, ಅವನು ಬರೀ 'ಹ್ಞೂಂ' ಅಂತಾನೆ." ನಾನು ನೋಡುವುದಿಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ಇಡೀ ಚಾಟ್ ತೆಗೆದು ಎಣಿಸುತ್ತೇನೆ. ಒಬ್ಬರೇ ಕದ್ದು ತಂದ ಚಾಟ್ ಮುಟ್ಟುವುದಿಲ್ಲ.

ಗುರುತು ಸಿಗದ ಹಾಗೆ ವಿವರ ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ. ಅಕ್ಕ ಶಿವಮೊಗ್ಗದಲ್ಲಿ, ಹಾಸಿಗೆ ಹಿಡಿದ ಅಮ್ಮನ ಜೊತೆ. ತಮ್ಮ ನ್ಯೂಜೆರ್ಸಿಯಲ್ಲಿ. "ಎಲ್ಲಾ ನನ್ನ ಮೇಲೇ ಬಿದ್ದಿದೆ, ಅವನು ವಿಚಾರಿಸೋದೂ ಇಲ್ಲ" ಅಂತ ಅಕ್ಕನ ದೂರು. "ದಿನಾ ವಿಚಾರಿಸ್ತೀನಲ್ಲ" ಅಂತ ತಮ್ಮ. ಮೂರು ತಿಂಗಳ ವಾಟ್ಸಾಪ್ ಚಾಟನ್ನು ಫೋಟೋ, ವಿಡಿಯೋ ಬಿಟ್ಟು (`Export chat`, ಆಮೇಲೆ `Without media`) ಕಳಿಸಿದರು. ಅಕ್ಕನ ಮೆಸೇಜು 610, ತಮ್ಮನದು 530. ಹೆಚ್ಚುಕಮ್ಮಿ ಸಮ ಅಲ್ವಾ ಅನ್ನಿಸುತ್ತದೆ.

ಆದರೆ ತಮ್ಮ ಒಂದೇ ಮಾತನ್ನು ಒಡೆದು ಕಳಿಸುವವನು. "ಅಕ್ಕಾ", "ಕೇಳಿದ್ಯಾ", "ಡಾಕ್ಟ್ರು ಏನಂದ್ರು" ಅಂತ ಮೂರು ಮೆಸೇಜು. ಅಕ್ಕ ರಾತ್ರಿ ಕೆಲಸ ಮುಗಿಸಿ ಒಂದೇ ಉದ್ದ ಮೆಸೇಜು ಬರೆಯುತ್ತಾಳೆ. ಹಾಗಾಗಿ ಮೆಸೇಜು ಎಣಿಸುವುದು ದಂಡ. ಇನ್ನೊಬ್ಬರು ಮಾತಾಡುವ ತನಕ ಒಬ್ಬರು ಬರೆದದ್ದನ್ನೆಲ್ಲ ಒಂದೇ ಸರದಿ ಅಂತ ಸೇರಿಸಿ, ಆ ಸರದಿಯ ಉದ್ದ ನೋಡಬೇಕು. ಸರಾಸರಿ ಹಿಡಿದರೂ ಮೋಸ: ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ದಿನದ ಒಂದೆರಡು ಪುರಾಣಗಳು ಲೆಕ್ಕವನ್ನೇ ಎಳೆದುಬಿಡುತ್ತವೆ. ಸರದಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಟ್ಟನಡುವಿನದನ್ನು ತೆಗೆದುಕೊಳ್ಳುತ್ತೇನೆ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ತಮ್ಮ ಅರ್ಧ ಇಂಗ್ಲಿಷಿನಲ್ಲಿ ಬರೆಯುತ್ತಾನೆ. `I will have to ask him` ಅಂದರೆ ಆರು ಪದ. ಅದನ್ನೇ ಅಕ್ಕ "ಅವನನ್ನ ಕೇಳ್ಬೇಕಾಗುತ್ತೆ" ಅಂದರೆ ಎರಡೇ ಪದ. ಪದ ಎಣಿಸಿದರೆ ಅಕ್ಕ ಮೂರು ಪಟ್ಟು ಮೌನಿ! ಕಂಪ್ಯೂಟರ್ ಎಣಿಸುವ ಹಾಗೆ ಒತ್ತು, ಗುಣಿತ ಎಲ್ಲ ಬಿಡಿಬಿಡಿಯಾಗಿ, ಖಾಲಿ ಜಾಗವನ್ನೂ ಸೇರಿಸಿ ಎಣಿಸಿದರೆ ಇಂಗ್ಲಿಷಿನದು 22, ಕನ್ನಡದ್ದು 21. ಹಾಗಾಗಿ ನಾನು ಅಕ್ಷರ ಹಿಡಿಯುತ್ತೇನೆ. ಹಾಗೆ ನೋಡಿದಾಗ ನಡುವಿನ ಸರದಿ ಅಕ್ಕನದು 180, ತಮ್ಮನದು 60. ಇಷ್ಟಕ್ಕೇ ತಮ್ಮನಿಗೆ ಅಸಡ್ಡೆ ಅನ್ನುವಂತಿಲ್ಲ. ಅವನು ಕಾರಿನಲ್ಲಿ ಹೋಗುವಾಗ ವಾಯ್ಸ್ ಮೆಸೇಜ್ ಕಳಿಸುತ್ತಾನೆ, ಫೈಲಿನಲ್ಲಿ ಅದು ಬರೀ `<Media omitted>`. ಅಂಥವು 38 ಇದ್ದವು. ಫೋನ್ ತೆರೆದು ಒಂದೊಂದರ ನಿಮಿಷವನ್ನು ಕೈಯಲ್ಲೇ ಬರೆದುಕೊಂಡೆವು. ಜೊತೆಗೆ ಸುದ್ದಿ ಇರುವುದು ಅಕ್ಕನ ಮನೆಯಲ್ಲಿ, ಸುದ್ದಿ ಹೇಳುವವರ ಮೆಸೇಜು ಉದ್ದ ಇದ್ದೇ ಇರುತ್ತದೆ.

ಉದ್ದದಿಂದ ನನಗೆ ಹೆಚ್ಚೇನೂ ಸಿಗಲಿಲ್ಲ ಅಂತಲೇ ಇಟ್ಟುಕೊಳ್ಳಿ. ಪ್ರಶ್ನೆಗಳಿಗೆ ಬರೋಣ.

ಪ್ರಶ್ನೆ ಚಿಹ್ನೆ ಹುಡುಕಿದರೆ ನಮ್ಮವರ ಚಾಟಿನಲ್ಲಿ ಅರ್ಧವೂ ಸಿಗುವುದಿಲ್ಲ. "ಮಾತ್ರೆ ಕೊಟ್ಯಾ", "ಜ್ವರ ಬಿಡ್ತಾ", "ಬಿಲ್ ಕಟ್ಟಿದ್ಯಾ" ಅಂತ ಬರೆದು ಬಿಟ್ಟುಬಿಡುತ್ತೇವೆ, ಕೊನೆಯ 'ಆ' ಸ್ವರವೇ ಪ್ರಶ್ನೆ. ಆ ಸ್ವರವನ್ನೇ ಹುಡುಕಲು ಹೇಳಿದರೆ ಕಂಪ್ಯೂಟರ್ "ಅಕ್ಕಾ" ಅನ್ನುವ ಕೂಗನ್ನೂ ಪ್ರಶ್ನೆ ಅಂದುಕೊಳ್ಳುತ್ತದೆ. ಹಾಗಾಗಿ ಓದಿಯೇ ಎಣಿಸಬೇಕು. ಎರಡು ಸಂಜೆಯ ಕೆಲಸ.

ತಮ್ಮ ಕೇಳಿದ ಪ್ರಶ್ನೆ 96, ಅಕ್ಕ ಕೇಳಿದ್ದು 41. ಅಂದರೆ ವಿಚಾರಿಸುವವನು ತಮ್ಮನೇ. ಅವನು ಈ ಲೆಕ್ಕ ನೋಡಿ ವಿಡಿಯೋ ಕಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ. ಆಮೇಲೆ ಪ್ರಶ್ನೆ ಯಾರ ಬಗ್ಗೆ ಅಂತ ವಿಂಗಡಿಸಿದೆವು. 71 ಅಮ್ಮನ ಮಾತ್ರೆ, ಶುಗರ್, ಡಾಕ್ಟರ ಬಗ್ಗೆ. 14 ದುಡ್ಡು, ಕಾಗದಪತ್ರ. ಎಂಟು "ಊಟ ಆಯ್ತಾ". ಅದು ಪ್ರಶ್ನೆಯಲ್ಲ, ನಮಸ್ಕಾರ. ಅಕ್ಕನ ಬಗ್ಗೆ ಕೇಳಿದ್ದು ಮೂರು. ಅಕ್ಕನ 41ರಲ್ಲಿ 22 ತಮ್ಮನ ಕೆಲಸ, ಅವನ ಮಕ್ಕಳ ಬಗ್ಗೆ.

ಇಲ್ಲಿ ಇನ್ನೊಂದನ್ನು ನೋಡಬೇಕು. ಹಿಂದೆ ಬಂದ ಮಾತನ್ನು ಹಿಡಿದು ಮುಂದಕ್ಕೆ ಕೇಳಿದ ಪ್ರಶ್ನೆ ಎಷ್ಟು? ಹಾರ್ವರ್ಡ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಪ್ರಶ್ನೆ ಕೇಳುವವರೇ ಜನಕ್ಕೆ ಹೆಚ್ಚು ಇಷ್ಟವಾಗಿದ್ದರು. ಅಪರಿಚಿತರ ಮಾತುಕತೆಯಲ್ಲಿ ಕಂಡದ್ದು ಅದು, ಆದರೆ ಒಡಹುಟ್ಟಿದವರಲ್ಲೂ ನಾನು ಇದನ್ನೇ ಹುಡುಕುತ್ತೇನೆ. ಅಕ್ಕನ ಉದ್ದ ಮೆಸೇಜುಗಳ ಕೊನೆಯಲ್ಲಿ ನಾಲ್ಕು ಸಲ ಒಂದೇ ಮಾತು ಬಂದಿತ್ತು: "ನಂಗೂ ಮಂಡಿ ನೋವು, ಇರ್ಲಿ ಬಿಡು." ನಾಲ್ಕು ಸಲವೂ ತಮ್ಮನ ಮುಂದಿನ ಮಾತು ಶುಗರ್ ಬಗ್ಗೆಯೋ ಬಿಲ್ ಬಗ್ಗೆಯೋ.

ಇನ್ನು ಸಾರಿ ಕೇಳುವುದು. ಬರೀ ಶಬ್ದ ಎಣಿಸಿದರೆ ತಮ್ಮ 19, ಅಕ್ಕ 8. ಒಂದೊಂದೇ ತೆರೆದು ನೋಡಿದರೆ ತಮ್ಮನ 17 "ಸಾರಿ ಅಕ್ಕಾ, ಮೀಟಿಂಗಲ್ಲಿದ್ದೆ" ಥರದವು. ಒಂದು ಚುಚ್ಚುಮಾತು: "ಸಾರಿ ತಾಯಿ, ಎಲ್ಲಾ ನಂದೇ ತಪ್ಪು." ಜಗಳ ಮುರಿದದ್ದು ಒಂದೇ. ಅಕ್ಕನ ಎಂಟರಲ್ಲಿ ಐದು ಜಗಳಕ್ಕೆ ಹೇಳಿದ್ದು, ಉಳಿದವು ತಪ್ಪು ಫೋಟೋ ಕಳಿಸಿದ್ದಕ್ಕೆ, ಅಂಥದ್ದಕ್ಕೆ.

ಹಾಗಾದರೆ ಐದಕ್ಕೆ ಒಂದು, ಅಕ್ಕನೇ ಸೋಲುವವಳು? ಸ್ವಲ್ಪ ತಾಳಿ. ಐದರಲ್ಲಿ ಮೂರು ಜಗಳ ಶಿವಮೊಗ್ಗದಲ್ಲಿ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಆದವು. ಬೇಸಿಗೆಯಲ್ಲಿ ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಹನ್ನೊಂದೂವರೆ, ತಮ್ಮ ಮಲಗಿದ. ಅಕ್ಕನಿಗೆ ಕೊರಗಲು ಇಡೀ ಹಗಲು. ಮಧ್ಯಾಹ್ನದೊಳಗೆ ಅವಳ "ಏನೋ ಸಿಟ್ಟಲ್ಲಿ ಅಂದೆ ಕಣೋ" ಹೋಗಿರುತ್ತಿತ್ತು. ಅವನು ಎಚ್ಚರ ಇದ್ದಿದ್ದರೆ ಮೊದಲು ಯಾರು ಬರೆಯುತ್ತಿದ್ದರೋ ಹೇಳಲಾಗದು. ಆ ಮೂರನ್ನು ತೆಗೆದರೆ ಎರಡಕ್ಕೆ ಒಂದು. ಇಷ್ಟು ಚಿಕ್ಕ ಲೆಕ್ಕದಿಂದ ನಾನು ಏನನ್ನೂ ಹೇಳುವುದಿಲ್ಲ.

ಆದರೆ ಎಣಿಸುವ ಮುಂಚೆ ಇಬ್ಬರಿಗೂ ಬೇರೆಬೇರೆಯಾಗಿ "ಜಗಳ ಆದ ಕಡೆ ಗುರುತು ಹಾಕಿ" ಅಂದಿದ್ದೆ. ಅಕ್ಕ ಆರು ಕಡೆ ಹಾಕಿದ್ದಳು, ತಮ್ಮ ಎರಡು ಕಡೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು 2010ರಲ್ಲಿ ಗಂಡಸರು, ಹೆಂಗಸರ ಬಗ್ಗೆ ಇದನ್ನೇ ಬರೆದಿದ್ದರು: ತಪ್ಪು ಅನ್ನಿಸಿದಾಗ ಇಬ್ಬರೂ ಒಂದೇ ಪ್ರಮಾಣದಲ್ಲಿ ಕ್ಷಮೆ ಕೇಳುತ್ತಾರೆ, ತಪ್ಪು ಅನ್ನಿಸುವುದೇ ಗಂಡಸರಿಗೆ ಕಡಿಮೆ. ತಮ್ಮ ಎರಡು ಜಗಳ ಕಂಡ, ಒಂದಕ್ಕೆ ಸಾರಿ ಕೇಳಿದ. ಅವನ ಲೆಕ್ಕದಲ್ಲಿ ಅವನು ಸರಿಯಾಗೇ ಇದ್ದ. ಉಳಿದ ನಾಲ್ಕರಲ್ಲಿ ಅಕ್ಕನ "ಆಯ್ತು ಬಿಡು"ವನ್ನು ಅವನು ನಿಜಕ್ಕೂ ಆಯ್ತು ಅಂದುಕೊಂಡಿದ್ದ.

ಅಕ್ಕಪಕ್ಕ ಇಟ್ಟು ತೋರಿಸಿದ್ದು ಎರಡೇ: ಆ ಮೂರು ಪ್ರಶ್ನೆ, ಆ ನಾಲ್ಕು ಮಂಡಿ ನೋವು. ತಮ್ಮ ಸ್ಕ್ರೀನ್ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. "ಎಕ್ಸ್‌ರೇ ತೆಗೆಸಿದ್ಯಾ ಅಕ್ಕಾ" ಅಂದ. ಅವಳು "ಆಗ್ಲೇ ಎರಡು ತಿಂಗಳಾಯ್ತು" ಅಂದಳು.

ಆಮೇಲೆ ತಮ್ಮ ದಿನಾ ಮಂಡಿ ವಿಚಾರಿಸತೊಡಗಿದ. ಮತ್ತೊಮ್ಮೆ ಎಣಿಸಿ ಅಂತ ಅವನೇ ಕೇಳಿದ, ನಾನು ಒಪ್ಪಲಿಲ್ಲ. ಎಣಿಸುತ್ತಾರೆ ಅಂತ ಗೊತ್ತಾದ ಮೇಲೆ ಬರೆದ ಮೆಸೇಜನ್ನು ಎಣಿಸಿ ಏನು ಪ್ರಯೋಜನ? ಅಕ್ಕನೂ ಅದನ್ನೇ ಅಂದಳು. "ಮಾರ್ಕ್ಸಿಗೆ ಕೇಳ್ತಾನೆ ಮೇಡಂ." ಅಂದು ನಕ್ಕಳು. "ಇರ್ಲಿ, ಕೇಳ್ಲಿ."