ಹಸಿ ಪಾಲಕ್ ರಸ ಮತ್ತು ಮೂತ್ರಪಿಂಡ

ಕೆಸುವಿನ ಎಲೆಯನ್ನು ಸರಿಯಾಗಿ ಬೇಯಿಸದೆ ತಿಂದರೆ ಗಂಟಲು ತುರಿಸುತ್ತದೆ. ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳೇ ಅದಕ್ಕೆ ಮುಖ್ಯ ಕಾರಣ. ಪಾಲಕ್‌ನಲ್ಲೂ ಸೊಪ್ಪುಗಳಲ್ಲಿ ಸಹಜವಾಗಿರುವ ಈ ಆಕ್ಸಲೇಟ್ ಹೇರಳವಾಗಿದೆ. ಆದರೆ ಅದರ ಬಹುಪಾಲು ನೀರಿನಲ್ಲಿ ಕರಗುವಂಥದ್ದು, ಹಾಗಾಗಿ ಗಂಟಲು ಎಚ್ಚರಿಸುವುದಿಲ್ಲ. ದೇಹಶುದ್ಧಿಯ ಹೆಸರಿನಲ್ಲಿ ದಿನವಿಡೀ ಹಸಿ ಸೊಪ್ಪಿನ ರಸವನ್ನೇ ಕುಡಿಯುವವರನ್ನು ಕಂಡರೆ ನನಗೆ ಆತಂಕವಾಗುವುದು ಇದೇ ಕಾರಣಕ್ಕೆ.

ಲೆಕ್ಕ ಸರಳವಾಗಿದೆ. ನಮ್ಮ ದಿನನಿತ್ಯದ ಊಟದಿಂದ ಸುಮಾರು 100ರಿಂದ 200 ಮಿಲಿಗ್ರಾಂ ಆಕ್ಸಲೇಟ್ ಒಳಸೇರುತ್ತದೆ. 200 ಗ್ರಾಂ ಹಸಿ ಪಾಲಕ್ ರುಬ್ಬಿದರೆ ಸಾವಿರ ಮಿಲಿಗ್ರಾಂ ದಾಟುತ್ತದೆ. ಪಾಲಕ್ ಬೇಯಿಸಿ, ನೀರು ಬಸಿದು, ಮೊಸರಿನ ಜೊತೆ ಉಂಡರೆ ಕಥೆಯೇ ಬೇರೆ: ಒಂದಷ್ಟು ಆಕ್ಸಲೇಟ್ ನೀರಿನೊಂದಿಗೆ ಹೋಗುತ್ತದೆ, ಉಳಿದದ್ದರಲ್ಲಿ ಬಹಳಷ್ಟನ್ನು ಮೊಸರಿನ ಕ್ಯಾಲ್ಸಿಯಂ ಕರುಳಿನಲ್ಲೇ ಹಿಡಿದು ಮಲದಲ್ಲಿ ಹೊರಗೆ ಸಾಗಿಸುತ್ತದೆ. ರಸದ ಉಪವಾಸದಲ್ಲಿ ಹಾಲೂ ಇಲ್ಲ, ಮೊಸರೂ ಇಲ್ಲ. ಬಿಡಿಯಾಗಿ ಉಳಿದ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಪಿಂಡ ತಲುಪುತ್ತದೆ. ಅಲ್ಲಿ ಕ್ಯಾಲ್ಸಿಯಂ ಜೊತೆಗೂಡಿ, ಸೂಕ್ಷ್ಮ ನಾಳಗಳಲ್ಲಿ ಹರಳುಗಟ್ಟಬಹುದು.

2018ರಲ್ಲಿ ಅಮೆರಿಕದ ವೈದ್ಯರು ಇಂಥದ್ದೊಂದು ಪ್ರಕರಣವನ್ನು ಪ್ರಕಟಿಸಿದರು. 65 ವರ್ಷದ ಮಹಿಳೆ. ಅದಕ್ಕೂ ಮೊದಲು ಅವರ ಮೂತ್ರಪಿಂಡಗಳು ಚೆನ್ನಾಗಿದ್ದವು. ಹಸಿರು ಸೊಪ್ಪಿನ ರಸದ ಶುದ್ಧೀಕರಣ ಮಾಡಿದ ಬಳಿಕ ಮೂತ್ರಪಿಂಡಗಳು ಕೈಕೊಟ್ಟವು, ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಅವರಿಗೆ ಹಿಂದೆ ತೂಕ ಇಳಿಸಲು ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿತ್ತು, ದೀರ್ಘಕಾಲ ಆಂಟಿಬಯೋಟಿಕ್ ಕೂಡ ತೆಗೆದುಕೊಂಡಿದ್ದರು. ಮೊದಲನೆಯದರಿಂದ ಕರುಳು ಹೆಚ್ಚು ಆಕ್ಸಲೇಟ್ ಹೀರುತ್ತದೆ, ಎರಡನೆಯದರಿಂದ ಆಕ್ಸಲೇಟ್ ತಿನ್ನುವ ಕರುಳಿನ ಬ್ಯಾಕ್ಟೀರಿಯಾ ಸಾಯಬಹುದು. ಎಲ್ಲರಿಗೂ ಹೀಗಾಗುವುದಿಲ್ಲ ನಿಜ, ಆದರೆ ತನ್ನ ಕರುಳಿನ ಬ್ಯಾಕ್ಟೀರಿಯಾಗಳ ಗತಿ ಏನಾಗಿದೆಯೆಂದು ಬಲ್ಲವರು ಯಾರು?

ರಸದ ಉಪವಾಸದಿಂದ ಮೂರು ದಿನಕ್ಕೆ ಎರಡು ಕಿಲೋ ತೂಕ ಇಳಿದರೆ, ಅದೂ ಬಹುಪಾಲು ಕೊಬ್ಬಲ್ಲ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ಖರ್ಚಾಗುವಾಗ ಅದರ ಜೊತೆಗಿದ್ದ ಮೂರು ಪಟ್ಟು ನೀರೂ ಹೊರಹೋಗುತ್ತದೆ. ಯಕೃತ್ತಿನ ದಾಸ್ತಾನು ಒಂದೆರಡು ದಿನದಲ್ಲಿ ಬರಿದಾದಾಗ, ತರಕಾರಿ ರಸದ ಅಲ್ಪ ಸಕ್ಕರೆ ಮೆದುಳಿಗೆ ಸಾಲದು. ಆಗ ಸ್ನಾಯುವಿನ ಪ್ರೋಟೀನ್ ಕರಗಿ, ಅದರಿಂದ ಯಕೃತ್ತು ಗ್ಲುಕೋಸ್ ತಯಾರಿಸುತ್ತದೆ. ರಸದಲ್ಲಿ ಪ್ರೋಟೀನ್ ತೀರಾ ಕಡಿಮೆ, ಕಳೆದದ್ದು ಭರ್ತಿಯಾಗುವುದಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವ ಮಧುಮೇಹಿಗಳು ಮದ್ದಿನ ಪ್ರಮಾಣ ಬದಲಿಸದೆ ಉಪವಾಸ ಕೂತರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ಗೊಂದಲ ಕಾಣಿಸಿಕೊಂಡರೆ ತಕ್ಷಣ ಸಕ್ಕರೆ ನೀರು ಕುಡಿಯಬೇಕು. ಅದನ್ನು ವಿಷ ಹೊರಹೋಗುವ ಲಕ್ಷಣವೆಂದು ಸಹಿಸಿಕೊಂಡು ಕೂರಬಾರದು.

ಮೂತ್ರಪಿಂಡ ಮಾತ್ರ ಮೊದಮೊದಲು ನೋವೇ ಕೊಡುವುದಿಲ್ಲ. ವಾಕರಿಕೆ, ಸುಸ್ತು, ಮೂತ್ರ ಕಡಿಮೆಯಾಗುವುದು, ಕಾಲು ಊದುವುದು ಕಂಡರೆ ಅದೇ ದಿನ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ರಕ್ತಪರೀಕ್ಷೆ ಮಾಡಿಸಿ. ಎಷ್ಟು ದಿನ, ಯಾವ ಸೊಪ್ಪಿನ ರಸ ಕುಡಿದಿರಿ ಎಂಬುದನ್ನೂ ವೈದ್ಯರಿಗೆ ನೀವಾಗಿಯೇ ಹೇಳಿ, ಏಕೆಂದರೆ ಪಾಲಕ್ ಕುಡಿದಿರಾ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.