ಮೂರು ಗಂಟೆಯ ಮಂಕು

ಮಧ್ಯಾಹ್ನ ಮೂರು ಗಂಟೆ. ಕರಡು ತಿದ್ದುತ್ತಾ ಕೂತಿದ್ದೆ. ಒಂದೇ ಸಾಲನ್ನು ಮೂರನೇ ಸಲ ಓದಿದರೂ ತಲೆಗೆ ಹತ್ತಲಿಲ್ಲ. ಅನ್ನ ಜಾಸ್ತಿ ಆಯ್ತು ಅಂತ ಊಟದ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಊಟ ಬಿಟ್ಟವರಿಗೂ ಈ ಹೊತ್ತಿಗೆ ಮಂಕು ಕವಿಯುತ್ತದೆ. ಹೊಟ್ಟೆ ತುಂಬಿದ್ದರೆ ಸ್ವಲ್ಪ ಹೆಚ್ಚು, ಅಷ್ಟೇ.

ನಾವು ಎದ್ದ ಗಳಿಗೆಯಿಂದಲೇ ಮಿದುಳಿನಲ್ಲಿ ಅಡೆನೋಸಿನ್ ಅನ್ನೋ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ಹೆಚ್ಚಿದಷ್ಟೂ ನಿದ್ದೆಯ ಎಳೆತ ಹೆಚ್ಚು. ಅದು ಖಾಲಿಯಾಗುವುದು ನಿದ್ದೆಯಲ್ಲಿ. ಇದರ ಜೊತೆಗೆ ದೇಹದ ಗಡಿಯಾರವೊಂದಿದೆ. ಸಂಜೆಯ ಹೊತ್ತಿಗೆ ಅದು ನಮ್ಮನ್ನು ಎಚ್ಚರದ ಕಡೆಗೆ ಜೋರಾಗಿ ತಳ್ಳುತ್ತದೆ. ಮಧ್ಯಾಹ್ನ ಅಡೆನೋಸಿನ್ ಸಾಕಷ್ಟು ಏರಿರುತ್ತದೆ, ಆ ತಳ್ಳು ಇನ್ನೂ ಬಂದಿರುವುದಿಲ್ಲ. ಅದಕ್ಕೇ ಐದರ ಹೊತ್ತಿಗೆ ಏನೂ ಮಾಡದಿದ್ದರೂ ಎಷ್ಟೋ ಸಲ ತಲೆ ತಿಳಿಯಾಗುತ್ತದೆ.

ಕಾಫಿ ಇಲ್ಲಿ ಮಾಡುವ ಕೆಲಸ ತಮಾಷೆಯಾಗಿದೆ. ಬಸ್ಸಿನ ಸೀಟಿಗೆ ಕಿಟಕಿಯಿಂದ ಕರ್ಚೀಫ್ ಹಾಕುತ್ತೀವಲ್ಲ, ಹಾಗೆ. ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ಅಡೆನೋಸಿನ್ ಎಲ್ಲಿಗೂ ಹೋಗಿಲ್ಲ, ಬಾಗಿಲಲ್ಲೇ ನಿಂತಿದೆ. ಕೆಫೀನ್ ಎದ್ದ ಕೂಡಲೇ ಒಳಗೆ ನುಗ್ಗುತ್ತದೆ.

ಕೆಫೀನ್ ಏಳುವುದೂ ನಿಧಾನ. ಸಾಮಾನ್ಯವಾಗಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ನನ್ನದೇ ಲೆಕ್ಕ ನೋಡಿ. ಸಂಜೆ ಐದೂವರೆಗೆ ಒಂದು ಲೋಟ ಗಟ್ಟಿ ಫಿಲ್ಟರ್ ಕಾಫಿ. ಅದರಲ್ಲಿ 100 ಮಿಲಿಗ್ರಾಂ ಕೆಫೀನ್ ಅಂದುಕೊಳ್ಳೋಣ. ರಾತ್ರಿ ಹತ್ತೂವರೆಗೆ ಹಾಸಿಗೆ ಸೇರುವಾಗ ಇನ್ನೂ 50 ಉಳಿದಿರುತ್ತದೆ, ಅಂದರೆ ಅರ್ಧ ಲೋಟ ಕುಡಿದೇ ಮಲಗಿದ ಹಾಗೆ. ಬೆಳಗಿನ ಜಾವ ಮೂರೂವರೆಗೂ 25 ಇರುತ್ತದೆ. ನಿದ್ದೆ ಬಂದರೂ ತೆಳ್ಳಗಾಗುತ್ತದೆ. ಮರುದಿನ ಮೂರು ಗಂಟೆಯ ಮಂಕು ಇನ್ನೂ ದಟ್ಟ, ಮತ್ತೆ ಕಾಫಿ.

2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಕೊಟ್ಟಾಗ ನಿದ್ದೆ ಒಂದು ಗಂಟೆಗೂ ಮೀರಿ ಕಡಿಮೆಯಾಗಿತ್ತು. ಅದು ನಾಲ್ಕು ಲೋಟದಷ್ಟು, ನಿಜ. ಆದರೆ ಬೆಳಿಗ್ಗೆಯಿಂದ ಲೋಟ ಎಣಿಸದವರಿಗೆ ಅದೇನು ದೂರದ ಸಂಖ್ಯೆಯಲ್ಲ. ನಮ್ಮಮ್ಮ ಮಾತ್ರ ಸಂಜೆ ಕಾಫಿ ಕುಡಿದೂ ಹತ್ತಕ್ಕೆ ಗೊರಕೆ ಹೊಡೆಯುತ್ತಾರೆ. ಕೆಫೀನನ್ನು ಒಡೆಯುವ ಲಿವರ್‌ನ ವೇಗ ಒಬ್ಬೊಬ್ಬರದು ಒಂದೊಂದು ಥರ. ಗರ್ಭಿಣಿಯರಲ್ಲಂತೂ ಅದು ತುಂಬಾ ನಿಧಾನ.

ಹಾಗಾದರೆ ಮೂರು ಗಂಟೆಗೆ ಏನು ಮಾಡುವುದು? ನಾಸಾದವರು ದೂರದ ಹಾರಾಟದ ಪೈಲಟ್‌ಗಳಿಗೆ ಸರದಿಯಲ್ಲಿ ಸೀಟಿನಲ್ಲೇ 40 ನಿಮಿಷ ಬಿಡುವು ಕೊಟ್ಟು ನೋಡಿದ್ದರು. ಅವರು ಸರಾಸರಿ 26 ನಿಮಿಷ ನಿದ್ದೆ ಮಾಡಿದರು, ಆಮೇಲೆ ಮಲಗದವರಿಗಿಂತ ಹೆಚ್ಚು ಚುರುಕಾಗಿದ್ದರು. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಜಾರುವ ಸಾಧ್ಯತೆ ಹೆಚ್ಚು. ಅಲ್ಲಿಂದ ಎಬ್ಬಿಸಿದರೆ ಸ್ವಲ್ಪ ಹೊತ್ತು ಯಾವ ಊರಲ್ಲಿದ್ದೇನೆ ಅನ್ನೋದೇ ತಿಳಿಯುವುದಿಲ್ಲ. ನಾನು 25 ನಿಮಿಷಕ್ಕೆ ಅಲಾರಂ ಇಟ್ಟು, ಎರಡೂವರೆಯ ಒಳಗೆ ಮುಗಿಸುತ್ತೇನೆ. ಮಲಗುವ ಮುಂಚೆಯೇ ಕಾಫಿ ಕುಡಿದುಬಿಡುತ್ತೇನೆ. ವಿಚಿತ್ರ ಅನಿಸುತ್ತೆ ಅಲ್ವಾ? ಆದರೆ ಕೆಫೀನ್ ಪೂರ್ತಿ ಹತ್ತಲು ಸುಮಾರು ಅರ್ಧ ಗಂಟೆ ಬೇಕು. ಆ ಹೊತ್ತಿಗೆ ನಿದ್ದೆಯೂ ಮುಗಿದಿರುತ್ತದೆ.

ಆಫೀಸಿನಲ್ಲಿ ಮಲಗಲು ಜಾಗವಿಲ್ಲದವರು ಊಟವಾದ ಮೇಲೆ ಹತ್ತು ನಿಮಿಷ ನಡೆಯಬಹುದು. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಹಾಗಾಗಿ ಅನ್ನದ ನಂತರದ ಸಕ್ಕರೆ ಅಷ್ಟು ಎತ್ತರಕ್ಕೆ ಏರುವುದಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು 2023ರಲ್ಲಿ ಬೇರೆ ಬೇರೆ ಅಂತರಗಳನ್ನು ಹೋಲಿಸಿದ್ದರು. ಅರ್ಧ ಗಂಟೆಗೊಮ್ಮೆ ಐದು ನಿಮಿಷ ನಿಧಾನ ನಡಿಗೆ ಸಕ್ಕರೆಯ ಏರಿಕೆಯನ್ನು ಎಲ್ಲಕ್ಕಿಂತ ಚೆನ್ನಾಗಿ ತಗ್ಗಿಸಿತ್ತು. ದಣಿವೂ ಕಡಿಮೆಯಾಗಿತ್ತು. ಕುರ್ಚಿಯಲ್ಲೇ ಕೂತು ಮೊಬೈಲ್ ತೆಗೆದರೆ ಕಣ್ಣಿಗೂ ಬಿಡುವಿಲ್ಲ, ಕಾಲಿಗೂ ಕೆಲಸವಿಲ್ಲ.

ಇದೆಲ್ಲ ಮಧ್ಯಾಹ್ನದ ಮಂಕಿಗೆ. ಬೆಳಿಗ್ಗೆ ಒಂಬತ್ತರ ಬಸ್ಸಿನಲ್ಲೇ ಕಣ್ಣು ಮುಚ್ಚುತ್ತಿದ್ದರೆ, ಭಾನುವಾರ ಎರಡು ಗಂಟೆ ಜಾಸ್ತಿ ಮಲಗುತ್ತಿದ್ದರೆ, ಅದು ರಾತ್ರಿಯ ಸಾಲ. ಎಂಟು ಗಂಟೆ ಮಲಗಿಯೂ ಹಾಗೇ ಆಗುತ್ತಿದ್ದು, ಜೋರು ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತೆ ಅಂತ ಮನೆಯವರು ಹೇಳಿದರೆ, ಡಾಕ್ಟರಿಗೆ ತೋರಿಸಬೇಕಾದ ವಿಷಯ.

ಸಂಜೆಯ ಕಾಫಿ ಬಿಟ್ಟ ಮೊದಲ ಮೂರು ದಿನ ನನಗೆ ತಲೆ ಸಿಡಿಯುತ್ತಿತ್ತು. ನಾಲ್ಕನೇ ದಿನ ಕಡಿಮೆಯಾಯಿತು.