ಓದಲು ಬಾರದ ಊರಿನಲ್ಲಿ ಪತ್ರಿಕೆ ಏನು ಮಾಡಿತು?

ಪ್ರಶ್ನೆ: ಸ್ವಾತಂತ್ರ್ಯ ಚಳವಳಿಯಲ್ಲಿ ಪತ್ರಿಕೆಗಳು ಮತ್ತು ಕರಪತ್ರಗಳು ಜನಾಭಿಪ್ರಾಯ ರೂಪಿಸಿದವು ಎಂದು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಆದರೆ ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹಳ್ಳಿಗಳಲ್ಲಿ ಆಗ ಓದು ಬಲ್ಲವರೇ ವಿರಳ. ಓದುವವರೇ ಇಲ್ಲದ ಕಡೆ ಅಚ್ಚಾದ ಕಾಗದ ಯಾರ ಅಭಿಪ್ರಾಯವನ್ನು ಬದಲಿಸಿತು?

ಉತ್ತರ: ಈ ಪ್ರಶ್ನೆಯನ್ನು ಬೇರೆ ಬೇರೆ ಊರುಗಳಿಂದ ಮತ್ತೆ ಮತ್ತೆ ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆಯೂ ಹೌದು. 1931ರ ಜನಗಣತಿಯ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದರು. ಹಳ್ಳಿಗಳಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇನ್ನೂ ಕಡಿಮೆ. ಹಾಗಾಗಿ ಮನೆ ಮನೆಯಲ್ಲೂ ಪತ್ರಿಕೆ ಓದಿ ಜನ ಎಚ್ಚೆತ್ತರು ಎಂಬ ಚಿತ್ರ ನಿಜವಲ್ಲ. ಪತ್ರಿಕೆ ಕೆಲಸ ಮಾಡಿದ್ದು ಎರಡು ದಾರಿಯಲ್ಲಿ. ಒಂದು, ಓದಿದವನ ಬಾಯಿಂದ ಕೇಳಿದವರ ಕಿವಿಗೆ. ಇನ್ನೊಂದು, ಊರಿನಲ್ಲಿ ನಡೆದದ್ದನ್ನು ಊರಿನ ಹೊರಗಿನವರ ಮುಂದೆ ಇಟ್ಟು, ಅಲ್ಲಿಂದ ಬಂದ ಒತ್ತಡವನ್ನು ಸರ್ಕಾರದ ಮೇಲೆ ಹೇರಿ. ನಮ್ಮ ಸೀಮೆಯ ಮಟ್ಟಿಗೆ ಎರಡನೆಯದೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಸಿಗುವುದಿಲ್ಲ.

ಮೊದಲ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಅಂಚೆಯಲ್ಲಿ ಬಂದ ಒಂದು ಪ್ರತಿ ಶಾಲೆಯ ಮೇಷ್ಟರಿಗೋ, ಅಂಗಡಿಯ ಶೆಟ್ಟರಿಗೋ, ಊರಿನ ಶಾನುಭೋಗರಿಗೋ ತಲುಪುತ್ತಿತ್ತು. ಸಂಜೆ ಅರಳಿಕಟ್ಟೆಯಲ್ಲಿ ಅಥವಾ ಕಾಫಿ ಹೋಟೆಲಿನ ಬೆಂಚಿನ ಮೇಲೆ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಗಡಿ ತಾಲ್ಲೂಕುಗಳಲ್ಲಿ ಮನೆಮಾತು ಬಹುಪಾಲು ತೆಲುಗು, ಶಾಲೆ ಮತ್ತು ಕಚೇರಿಯ ಭಾಷೆ ಕನ್ನಡ. ಆದ್ದರಿಂದ ಓದುವವನು ಕನ್ನಡದ ಸಾಲನ್ನು ಓದಿ ತೆಲುಗಿನಲ್ಲಿ ವಿವರಿಸುವುದು ಸಹಜವಾಗಿತ್ತು. ಮದ್ರಾಸಿನಿಂದ ಹೊರಡುತ್ತಿದ್ದ ತೆಲುಗು ದಿನಪತ್ರಿಕೆ ‘ಆಂಧ್ರ ಪತ್ರಿಕಾ’ ಕೈಗೆ ಸಿಕ್ಕವರಿಗೆ ಆ ಕಷ್ಟವೂ ಇರಲಿಲ್ಲ. ಓದುವವನು ಸುಮ್ಮನೆ ಓದುತ್ತಿರಲಿಲ್ಲ ಎಂಬುದನ್ನು ನೆನಪಿಡಬೇಕು. ಯಾವ ಸುದ್ದಿ ಓದಬೇಕು, ಯಾವುದನ್ನು ಬಿಡಬೇಕು, ಎಲ್ಲಿ ನಿಲ್ಲಿಸಿ ತನ್ನ ಮಾತು ಸೇರಿಸಬೇಕು ಎಂಬುದೆಲ್ಲ ಅವನ ಕೈಯಲ್ಲಿತ್ತು. ಸಂಪಾದಕನಷ್ಟೇ ಪ್ರಭಾವ ಕಟ್ಟೆಯ ಮೇಲಿನ ಓದುಗನಿಗೂ ಇತ್ತು.

ಎರಡನೆಯ ದಾರಿ ಅರ್ಥವಾಗಬೇಕಾದರೆ ಸಂಸ್ಥಾನದ ಕಾನೂನು ಹೇಗಿತ್ತು ಎಂದು ತಿಳಿಯಬೇಕು. ಬ್ರಿಟಿಷರ ನೇರ ಆಳ್ವಿಕೆ ಇಲ್ಲದ ಮೈಸೂರಿನಲ್ಲಿ ಪತ್ರಿಕೆಗಳಿಗೆ ಹೆಚ್ಚು ಸ್ವಾತಂತ್ರ್ಯ ಇದ್ದಿರಬೇಕು ಎಂದು ಹಲವರು ಭಾವಿಸುತ್ತಾರೆ. ಹಾಗಿರಲಿಲ್ಲ. 1908ರಲ್ಲಿ, ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, ಪತ್ರಿಕೆಗಳ ನಿಯಂತ್ರಣಕ್ಕೆಂದೇ ಕಾನೂನು ಬಂದಿತು. ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕು, ಕೊಟ್ಟ ಅನುಮತಿಯನ್ನು ಸರ್ಕಾರ ಹಿಂದಕ್ಕೆ ಪಡೆಯಬಹುದು ಎಂಬುದು ಅದರ ತಿರುಳು. ಮೈಸೂರಿನ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಮುಂದೆ ಪಿ.ಆರ್. ರಾಮಯ್ಯನವರ ‘ತಾಯಿನಾಡು’, ತಿರುಮಲೆ ತಾತಾಚಾರ್ಯ ಶರ್ಮರ ‘ವಿಶ್ವಕರ್ಣಾಟಕ’ ಬೆಂಗಳೂರಿನಿಂದ ಧೈರ್ಯವಾಗಿಯೇ ಬರೆದವು. ಆದರೂ ಅಚ್ಚುಕೂಟಕ್ಕೆ ಬೀಗ ಬೀಳುವ ಭಯ ಸದಾ ಇದ್ದೇ ಇತ್ತು.

ಈಗ ನಕ್ಷೆ ನೋಡಿ. ಗೌರಿಬಿದನೂರಿನಿಂದ ಉತ್ತರಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಹಿಂದೂಪುರ. ಅಂದಿಗೆ ಅದು ಮದ್ರಾಸ್ ಪ್ರಾಂತ್ಯ. ಬೆಂಗಳೂರಿನಿಂದ ಹೊರಟ ರೈಲು ಗೌರಿಬಿದನೂರು, ವಿದುರಾಶ್ವತ್ಥ ದಾಟಿ ಹಿಂದೂಪುರ ಸೇರುತ್ತದೆ. ಮೈಸೂರು ದಿವಾನರ ಆಜ್ಞೆ ಗಡಿಯವರೆಗೆ ಮಾತ್ರ, ಅದರಾಚೆ ಬೇರೆ ಸರ್ಕಾರ. 1937ರ ಜುಲೈನಿಂದ 1939ರ ಅಕ್ಟೋಬರ್‌ವರೆಗೆ ಅಲ್ಲಿ ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲವೇ ಇತ್ತು. ಮೈಸೂರಿನಲ್ಲಿ ಬರೆದರೆ ಅಪಾಯ ತರುವ ಸುದ್ದಿಯನ್ನು ಮದ್ರಾಸಿನಲ್ಲಿ ನಿರ್ಭಯವಾಗಿ ಅಚ್ಚು ಹಾಕಬಹುದಾಗಿತ್ತು. ಅದೇ ಪತ್ರಿಕೆ ಅದೇ ರೈಲಿನಲ್ಲಿ ಒಳಕ್ಕೂ ಬರಬಹುದಾಗಿತ್ತು.

1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ ಶಿವಪುರದಲ್ಲಿ ಅಧಿವೇಶನ ನಡೆಸಿ, ಟಿ. ಸಿದ್ದಲಿಂಗಯ್ಯನವರ ಮುಂದಾಳುತನದಲ್ಲಿ ತ್ರಿವರ್ಣ ಧ್ವಜ ಹಾರಿಸಿತು. ನಾಯಕರ ಬಂಧನವಾಯಿತು, ಧ್ವಜ ಸತ್ಯಾಗ್ರಹ ಬೇರೆ ಊರುಗಳಿಗೆ ಹರಡಿತು. ಏಪ್ರಿಲ್ 25ರಂದು, ನಿಷೇಧಾಜ್ಞೆಯ ನಡುವೆಯೇ, ಉತ್ತರ ಪಿನಾಕಿನಿಯ ದಡದಲ್ಲಿರುವ ವಿದುರಾಶ್ವತ್ಥದಲ್ಲಿ ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಮಂದಿ ಎಂದು ಸರ್ಕಾರ ಹೇಳಿತು. ಚಳವಳಿಯವರು ಮೂವತ್ತಕ್ಕಿಂತ ಹೆಚ್ಚು ಎಂದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಸುತ್ತಲಿನ ಹಳ್ಳಿಯವರಿಗೆ ಗುಂಡೇಟಿನ ಸುದ್ದಿ ತಿಳಿಯಲು ಪತ್ರಿಕೆ ಬೇಕಿರಲಿಲ್ಲ. ಕಣ್ಣಾರೆ ಕಂಡವರು, ಹೆಣ ಹೊತ್ತವರು ಅವರೇ. ಸಂಜೆಯಾಗುವ ಮೊದಲೇ ಸುದ್ದಿ ಬಾಯಿಂದ ಬಾಯಿಗೆ ಹೋಗಿರುತ್ತದೆ. ಅವರಲ್ಲಿ ಹೊಸ ಅಭಿಪ್ರಾಯವನ್ನು ಪತ್ರಿಕೆ ಮೂಡಿಸಿತು ಎನ್ನುವುದು ಸತ್ತವರಿಗೂ ಬದುಕಿದವರಿಗೂ ಮಾಡುವ ಅನ್ಯಾಯ. ಪತ್ರಿಕೆ ಮಾಡಿದ್ದು ಬೇರೆ ಕೆಲಸ. ತಾಲ್ಲೂಕಿನೊಳಗೆ ಮುಗಿದುಹೋಗಬಹುದಾಗಿದ್ದ ಘಟನೆಯನ್ನು ಅದು ಮದ್ರಾಸ್, ಮುಂಬಯಿಗಳವರೆಗೆ ಒಯ್ದಿತು. ಗಾಂಧೀಜಿಯವರು ಈ ಬಗ್ಗೆ ಹೇಳಿಕೆ ಕೊಟ್ಟರು. ‘ದಕ್ಷಿಣದ ಜಲಿಯನ್‌ವಾಲಾಬಾಗ್’ ಎಂಬ ಹೆಸರು ಆ ಊರಿಗೆ ಅಂಟಿಕೊಂಡಿತು. ಪಂಜಾಬಿನ ಹೆಸರನ್ನು ಗೌರಿಬಿದನೂರಿನ ಹೆಸರಿನ ಪಕ್ಕ ಇಡುವ ಕೆಲಸ ದೂರದ ಸುದ್ದಿಗಳನ್ನು ಒಂದೇ ಹಾಳೆಯಲ್ಲಿ ಕಂಡವರಿಗೆ ಮಾತ್ರ ಹೊಳೆಯುವಂಥದ್ದು.

ಫಲ ಕೂಡಲೇ ಕಂಡಿತು. ಮೈಸೂರು ಮಾದರಿ ಸಂಸ್ಥಾನ ಎಂಬ ಹೆಸರನ್ನು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಬಹಳ ಜೋಪಾನ ಮಾಡಿಕೊಂಡು ಬಂದಿದ್ದರು. ಹೊರಗಿನ ಪತ್ರಿಕೆಗಳಲ್ಲಿ ಬಂದ ಸುದ್ದಿ ತಾಗಿದ್ದು ಆ ಹೆಸರಿಗೆ. ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ಮತ್ತು ಆಚಾರ್ಯ ಕೃಪಲಾನಿಯವರು ಬೆಂಗಳೂರಿಗೆ ಬಂದರು, ಪಟೇಲ್–ಮಿರ್ಜಾ ಒಪ್ಪಂದವಾಯಿತು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ಬಂಧಿತರ ಬಿಡುಗಡೆಯಾಯಿತು, ಸಂಸ್ಥಾನದ ಧ್ವಜದ ಜೊತೆಗೆ ತ್ರಿವರ್ಣ ಧ್ವಜ ಹಾರಿಸಲು ಒಪ್ಪಿಗೆ ದೊರೆಯಿತು. ಗುಂಡಿನ ಪ್ರಕರಣದ ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಸಮಿತಿ ನೇಮಕವಾಯಿತು. ಇದೆಲ್ಲ ಪತ್ರಿಕೆಯೊಂದರಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಜನ ಪ್ರಾಣ ತೆತ್ತದ್ದರಿಂದ ಆಯಿತು, ಸಂಘಟನೆ ಇದ್ದುದರಿಂದ ಆಯಿತು. ಆದರೆ ಸುದ್ದಿ ಗಡಿ ದಾಟದೇ ಇದ್ದಿದ್ದರೆ ಕೆಲವೇ ವಾರಗಳಲ್ಲಿ ಪಟೇಲರು ಬೆಂಗಳೂರಿಗೆ ಬರುವ ಪ್ರಸಂಗ ಒದಗುತ್ತಿರಲಿಲ್ಲ.

ಪತ್ರಿಕೆಯ ಮಿತಿಯೂ ಇದೇ ಪ್ರಕರಣದಲ್ಲಿ ಕಾಣುತ್ತದೆ. ಸತ್ತವರೆಷ್ಟು ಎಂಬ ಜಗಳ ಇಂದಿಗೂ ತೀರಿಲ್ಲ. ಸರ್ಕಾರದ ಪ್ರಕಟಣೆಗೆ ಸಂಖ್ಯೆ ಕಡಿಮೆ ಮಾಡುವ ಕಾರಣವಿತ್ತು. ಚಳವಳಿಯವರಿಗೆ, ಗಾಯಾಳುಗಳು ಮನೆಗೆ ಹೋಗಿ ಸತ್ತದ್ದನ್ನೂ ಊಹೆಯನ್ನೂ ಕೂಡಿಸಿ ಹೇಳುವ ಕಾರಣವಿತ್ತು. ಹಳೆಯ ಪತ್ರಿಕೆ ಓದುವಾಗ ಸುದ್ದಿಯ ತಲೆಯಲ್ಲಿರುವ ಊರಿನ ಹೆಸರು ಮತ್ತು ತಾರೀಕನ್ನು ಮೊದಲು ನೋಡಬೇಕು. ವಿದುರಾಶ್ವತ್ಥದ ಸುದ್ದಿಯ ಮೇಲೆ ಬೆಂಗಳೂರು ಎಂದಿದ್ದರೆ ಅದು ಕಂಡು ಬರೆದದ್ದಾಗಿರದೆ ಕೇಳಿ ಬರೆದದ್ದಾಗಿರಬಹುದು, ಅಥವಾ ಸರ್ಕಾರದ ಪ್ರಕಟಣೆಯನ್ನೇ ಇಳಿಸಿಕೊಂಡದ್ದಿರಬಹುದು. ಮೊದಲ ದಿನದ ಸಂಖ್ಯೆಯನ್ನು ಒಂದು ವಾರದ ನಂತರದ ಸಂಖ್ಯೆಯ ಜೊತೆ ಹೋಲಿಸಬೇಕು. ಹೆಸರುಗಳ ಪಟ್ಟಿ ಇರುವ ಸುದ್ದಿಗೆ ಬರೀ ಸಂಖ್ಯೆ ಇರುವ ಸುದ್ದಿಗಿಂತ ಹೆಚ್ಚು ಬೆಲೆ ಕೊಡಬೇಕು.

ಇನ್ನು ಕರಪತ್ರ. ಪತ್ರಿಕೆಗೆ ಬೀಗ ಬಿದ್ದಾಗ, ಅಥವಾ ಪತ್ರಿಕೆ ಬರೆಯಲು ಹೆದರಿದಾಗ, ಅದರ ಸರದಿ. ಬ್ರಿಟಿಷ್ ಇಂಡಿಯಾದಲ್ಲಿ 1867ರ ಕಾನೂನಿನ ಪ್ರಕಾರ ಅಚ್ಚಾದ ಪತ್ರಿಕೆ, ಪುಸ್ತಕಗಳ ಮೇಲೆ ಮುದ್ರಕನ ಹೆಸರು ಮತ್ತು ಮುದ್ರಣದ ಸ್ಥಳ ಇರಲೇಬೇಕಾಗಿತ್ತು. ಹಾಗಾಗಿ ಗುಟ್ಟಿನ ಕರಪತ್ರವನ್ನು ಅಚ್ಚುಕೂಟಕ್ಕೆ ಕೊಡುವುದೆಂದರೆ ಮುದ್ರಕನ ಅನ್ನಕ್ಕೆ ಕಲ್ಲು ಹಾಕಿದಂತೆ. ಹೆಸರು ಬಿಟ್ಟರೂ ಅಪಾಯ ತಪ್ಪುತ್ತಿರಲಿಲ್ಲ. ಸಣ್ಣ ಅಚ್ಚುಕೂಟಗಳಲ್ಲಿ ಅದೇ ಅಚ್ಚಿನ ಮೊಳೆಗಳು ವರ್ಷಗಟ್ಟಲೆ ಉಪಯೋಗವಾಗುತ್ತಿದ್ದವು. ತಲೆಕಟ್ಟು ಮುರಿದ ಒಂದು ಮೊಳೆ, ಸವೆದ ಒಂದು ಒತ್ತಕ್ಷರ ಸಾಕು, ಹಳೆಯ ಮದುವೆ ಕಾಗದದ ಪಕ್ಕ ಇಟ್ಟು ನೋಡಿದವರಿಗೆ ಅದು ಎಲ್ಲಿ ಅಚ್ಚಾಯಿತೆಂದು ತಿಳಿದುಹೋಗುತ್ತಿತ್ತು. ಇದರಿಂದಲೇ 1942ರಲ್ಲಿ ಸೈಕ್ಲೋಸ್ಟೈಲಿಗೆ ಅಷ್ಟು ಬೇಡಿಕೆ ಬಂದದ್ದು. ಮೇಣ ಹಚ್ಚಿದ ತೆಳು ಕಾಗದದ ಮೇಲೆ ಮೊನೆಯ ಕಡ್ಡಿಯಿಂದ ಬರೆದು, ಮಸಿಯ ಉರುಳೆ ಎಳೆದರೆ ಕೆಲವು ನೂರು ಪ್ರತಿ ತೆಗೆಯಬಹುದು. ಅಲ್ಲಿಂದ ಮುಂದೆ ಅಕ್ಷರ ಮಸುಕಾಗುತ್ತದೆ, ಮೇಣದ ಕಾಗದ ಹರಿಯುತ್ತದೆ. ಮೊಳೆ ಬೇಡ, ಕೆಲಸಗಾರರು ಬೇಡ, ಒಂದು ಕೋಣೆ ಸಾಕು.

ಕೆಲವು ನೂರು ಪ್ರತಿ ಎಂಬುದು ಕರಪತ್ರದ ಗುಣವನ್ನೇ ನಿರ್ಧರಿಸಿತು. ಅದರಲ್ಲಿ ವಾದಕ್ಕೆ ಜಾಗವಿಲ್ಲ. ಎಲ್ಲಿ ಸೇರಬೇಕು, ಯಾವತ್ತು ಅಂಗಡಿ ಮುಚ್ಚಬೇಕು, ಯಾರ ಬಂಧನವಾಯಿತು, ಇಷ್ಟೇ. ಸಂತೆಯ ದಿನ ಹಂಚಿದರೆ ಒಂದೇ ಪ್ರತಿ ಹತ್ತು ಹಳ್ಳಿಗೆ ಸುದ್ದಿ ಮುಟ್ಟಿಸುತ್ತದೆ. ಅದೇ ಕಾರಣಕ್ಕೆ ಸುಳ್ಳು ಸುದ್ದಿಯೂ ಅಷ್ಟೇ ಬೇಗ ಹರಡುತ್ತದೆ. ಹೊಣೆ ಹೊರುವ ಹೆಸರು ಕೆಳಗಿಲ್ಲವಲ್ಲ.

ಗಡಿಯ ಉಪಯೋಗ ಮತ್ತೊಮ್ಮೆ ಕಂಡದ್ದು 1947ರಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬರಲಿಲ್ಲವೆಂದು ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಆರಂಭವಾಯಿತು. ಆಗ ದಿವಾನರು ಸರ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. ಅಚ್ಚಿಗೆ ಹೋಗುವ ಮೊದಲು ಬರಹವನ್ನು ಸರ್ಕಾರಕ್ಕೆ ತೋರಿಸಬೇಕೆಂಬ ಆಜ್ಞೆ ಬಂದಿತು. ‘ಪೌರವಾಣಿ’ ನಡೆಸುತ್ತಿದ್ದ ಎಚ್.ಎಸ್. ದೊರೆಸ್ವಾಮಿಯವರು ಅದಕ್ಕೆ ಒಪ್ಪದೆ ಪತ್ರಿಕೆಯನ್ನು ಹಿಂದೂಪುರಕ್ಕೆ ಸಾಗಿಸಿ ಅಲ್ಲಿಂದ ಹೊರಡಿಸಿದರು. ಕನ್ನಡಿಗರ ಚಳವಳಿಯ ಕನ್ನಡ ಪತ್ರಿಕೆ ಪಕ್ಕದ ಪ್ರಾಂತ್ಯದ ಊರಿನಲ್ಲಿ ಅಚ್ಚಾಗಬೇಕಾಯಿತು. ಅಕ್ಟೋಬರ್ 25ರಂದು ಕೋಲಾರ ಜಿಲ್ಲೆಯವರೇ ಆದ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.

ನಿಮ್ಮ ಮನೆಯ ಟ್ರಂಕಿನಲ್ಲೋ ದೇವರ ಕೋಣೆಯ ಪುಸ್ತಕಗಳ ನಡುವೆಯೋ ಆ ಕಾಲದ ಹಾಳೆ ಇದ್ದರೆ ಅದರ ಕೆಳಭಾಗ ನೋಡಿ. ಮುದ್ರಣಾಲಯದ ಹೆಸರಿದ್ದರೆ ಬಹಿರಂಗವಾಗಿ ಅಚ್ಚಾದದ್ದು. ಊರು ಹಿಂದೂಪುರ ಎಂದೋ ಮದ್ರಾಸ್ ಎಂದೋ ಇದ್ದರೆ ಏಕೆ ಹೊರಗೆ ಹೋಯಿತು ಎಂದು ತಾರೀಕು ಹಿಡಿದು ಹುಡುಕಿ. ಹೆಸರೇ ಇಲ್ಲದೆ, ಕೈಬರಹದಂಥ ಅಕ್ಷರ ನೇರಳೆ ಅಥವಾ ಕಪ್ಪು ಮಸಿಯಲ್ಲಿ ಅಲ್ಲಲ್ಲಿ ಹರಡಿದ್ದರೆ ಅದು ಗುಟ್ಟಾಗಿ ತೆಗೆದ ಪ್ರತಿಯಾಗಿರುವ ಸಂಭವ ಹೆಚ್ಚು. ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ, ಅಂಟುಪಟ್ಟಿ ಹಚ್ಚಬೇಡಿ. ಎರಡೂ ಬದಿಯ ಚಿತ್ರ ತೆಗೆದು, ಬೆಂಗಳೂರಿನಲ್ಲಿರುವ ರಾಜ್ಯ ಪತ್ರಾಗಾರದವರಿಗೆ ಒಮ್ಮೆ ತೋರಿಸಿ.